ಕೆಲಸ ಹೋದ ಮೇಲೆ ಶಾಲೆಗೆ ಬರೆಯುವ ಫೀಸು ಪತ್ರ: ಆಫೀಸಿನವರು ಅದರಲ್ಲಿ ಏನು ಹುಡುಕುತ್ತಾರೆ?

ಬೆಂಗಳೂರಿನ ಒಂದು ಖಾಸಗಿ ಶಾಲೆಯ ಅಕೌಂಟ್ಸ್ ವಿಭಾಗದಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಕೆಲಸ ಕಳೆದುಕೊಂಡ ಅಪ್ಪ ಅಮ್ಮಂದಿರು ಬರೆಯುವ ಪತ್ರಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ಅನಿವಾರ್ಯ ಕಾರಣಗಳಿಂದ", "ದಯವಿಟ್ಟು ಸ್ವಲ್ಪ ಕಾಲಾವಕಾಶ ಕೊಡಬೇಕಾಗಿ ವಿನಂತಿ", ಕೊನೆಗೆ "ತಮ್ಮ ವಿಶ್ವಾಸಿ". ಪುಟ ತುಂಬ ಕಷ್ಟ ಇರುತ್ತದೆ. ಒಂದೇ ಒಂದು ತಾರೀಖು ಇರುವುದಿಲ್ಲ.

ಅಂಥ ಪತ್ರ ನಮ್ಮ ಟ್ರೇಯಲ್ಲಿ ವಾರಗಟ್ಟಲೆ ಬಿದ್ದಿರುತ್ತಿತ್ತು. ಆಫೀಸಿನವರಿಗೆ ಕನಿಕರ ಇಲ್ಲ ಅಂತಲ್ಲ. ಓದಿದವರಿಗೆ ಅದರ ಮೇಲೆ ಏನು ಬರೆಯಬೇಕು ಅಂತಲೇ ತೋಚುತ್ತಿರಲಿಲ್ಲ. "ಸ್ವಲ್ಪ ಕಾಲಾವಕಾಶ" ಅಂದರೆ ಹತ್ತು ದಿನವೋ, ಹತ್ತು ತಿಂಗಳೋ? ಪ್ರಿನ್ಸಿಪಾಲರು ಓದಿ "ಮ್ಯಾನೇಜ್ಮೆಂಟಿಗೆ ಕಳಿಸಿ" ಅಂತ ಬರೆಯುತ್ತಿದ್ದರು. ಮ್ಯಾನೇಜ್ಮೆಂಟಿನವರು "ಅಕೌಂಟ್ಸ್, ಮಾತಾಡಿ" ಅಂತ ಬರೆದು ವಾಪಸ್ ಕಳಿಸುತ್ತಿದ್ದರು. ಅಷ್ಟರಲ್ಲಿ ಕಡೇ ದಿನ ದಾಟಿ ಫೈನ್ ಶುರುವಾಗಿರುತ್ತಿತ್ತು.

ಶಾಲೆಯ ಕಡೆಯಿಂದ ಒಮ್ಮೆ ನೋಡಿ. ಖಾಸಗಿ ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಶಿಕ್ಷಕರ ಸಂಬಳ. ಸೆಪ್ಟೆಂಬರಿನ ಎರಡನೇ ಕಂತಿನ ಮೇಲೆ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ನಿಂತಿರುತ್ತದೆ. ಹಾಗಾಗಿ ಆಫೀಸಿಗೆ ಬೇಕಿರುವುದು ನಿಮ್ಮ ಕಥೆಗಿಂತ ಜಾಸ್ತಿ, ಎಷ್ಟು ದುಡ್ಡು ಯಾವತ್ತು ಬರುತ್ತದೆ ಅನ್ನುವ ಲೆಕ್ಕ. ಅವರಿಗೆ ಎರಡು ಭಯವೂ ಇರುತ್ತದೆ. ಒಂದು, ಇವರಿಗೆ ಕೊಟ್ಟರೆ ನಾಳೆ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸುದ್ದಿಯಾಗಿ ಇನ್ನೂ ಇಪ್ಪತ್ತು ಪತ್ರ ಬರುತ್ತವೆ ಅನ್ನೋದು. ಇನ್ನೊಂದು, ಬಾಕಿ ಉಳಿಸಿಕೊಂಡೇ ಮಾರ್ಚಿನಲ್ಲಿ ಮಗುವನ್ನು ಬೇರೆ ಶಾಲೆಗೆ ಸೇರಿಸಿಬಿಟ್ಟರೆ ಏನು ಮಾಡೋದು ಅನ್ನೋದು. ನಿಮ್ಮ ಪತ್ರ ಈ ಎರಡಕ್ಕೂ ಉತ್ತರ ಕೊಟ್ಟರೆ ಅರ್ಧ ಕೆಲಸ ಆದಂತೆ.

ನನಗೆ ಚೆನ್ನಾಗಿ ನೆನಪಿರುವ ಒಂದು ಪ್ರಕರಣ ಇದೆ. ಗುರುತು ಸಿಗದಂತೆ ಮೊತ್ತ, ತಾರೀಖು ಸ್ವಲ್ಪ ಬದಲಿಸಿ ಹೇಳುತ್ತೇನೆ.

ಅದು ಕೆಲಸ ಕಳೆದುಕೊಂಡ ಒಬ್ಬ ಅಪ್ಪನದು. ಅವರಿಗೆ ಇಬ್ಬರು ಮಕ್ಕಳು. ಮಗಳು ಏಳನೇ ತರಗತಿ, ಮಗ ಮೂರನೇ ತರಗತಿ. ಇಬ್ಬರದೂ ಸೇರಿ ವರ್ಷಕ್ಕೆ 1,80,000 ರೂಪಾಯಿ ಫೀಸು. ಮೊದಲ ಕಂತು 72,000 ಮೇ ತಿಂಗಳಲ್ಲೇ ಕಟ್ಟಿದ್ದರು. ಉಳಿದ 1,08,000 ಎರಡು ಭಾಗ: ಸೆಪ್ಟೆಂಬರ್ 10ಕ್ಕೆ 54,000, ಡಿಸೆಂಬರ್ 10ಕ್ಕೆ 54,000. ತಡವಾದರೆ ದಿನಕ್ಕೆ ಒಂದು ಮಗುವಿಗೆ 50 ರೂಪಾಯಿ ಫೈನ್. ಶಾಲೆಯ ಬಸ್ಸಿಗೆ ತಿಂಗಳಿಗೆ 5,000 ಬೇರೆ.

ಆಗಸ್ಟ್ ಎರಡನೇ ವಾರ ಕಂಪನಿ ಅವರನ್ನು ಕರೆದು ರಾಜೀನಾಮೆ ಬರೆಸಿಕೊಂಡಿತು. ಆ ತಿಂಗಳ ಸಂಬಳ ತಡೆಹಿಡಿದು, ಎಲ್ಲ ಸೇರಿಸಿ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟಿನಲ್ಲಿ ಕೊಡುತ್ತೇವೆ ಎಂದಿತು. ಅದು ಬರುವುದು ಅಕ್ಟೋಬರ್ ಮಧ್ಯದಲ್ಲಿ, ಸುಮಾರು 1,45,000. ಹೆಂಡತಿಗೆ ಒಂದು ಕ್ಲಿನಿಕ್ಕಿನಲ್ಲಿ 24,000 ಸಂಬಳ. ಮನೆ ಬಾಡಿಗೆಯೇ 18,000.

ಅವರು ಆಗಸ್ಟ್ 28ಕ್ಕೆ ಬಂದರು. ಕಡೇ ದಿನಕ್ಕೆ ಇನ್ನೂ ಹದಿಮೂರು ದಿನ ಇತ್ತು. ಇದು ಸಣ್ಣ ಸಂಗತಿ ಅಂತ ಕಾಣಬಹುದು, ಆದರೆ ನಮ್ಮಲ್ಲಿ ಇದರಿಂದ ತುಂಬಾ ವ್ಯತ್ಯಾಸ ಆಗುತ್ತಿತ್ತು. ಕಡೇ ದಿನ ದಾಟಿದ ಮರುದಿನ ಸಾಫ್ಟ್‌ವೇರ್ ತಾನೇ ಬಾಕಿದಾರರ ಪಟ್ಟಿ ತೆಗೆಯುತ್ತದೆ. ಆ ಪಟ್ಟಿ ಕ್ಲಾಸ್ ಟೀಚರ್ ಕೈಗೆ ಹೋಗುತ್ತದೆ. ಅಲ್ಲಿಂದ "ನಿಮ್ಮಪ್ಪನಿಗೆ ಫೀಸು ಕಟ್ಟೋಕೆ ಹೇಳು" ಅನ್ನೋ ಮಾತು ಮಗುವಿನ ಕಿವಿಗೆ ಬೀಳಲು ಎರಡು ದಿನ ಸಾಕು. ಪಟ್ಟಿಗೆ ಹೆಸರು ಸೇರುವ ಮೊದಲು ತಡೆಯುವುದು ಸುಲಭ. ಸೇರಿದ ಮೇಲೆ ತೆಗೆಸೋಕೆ ಮೂರು ಜನರ ಸಹಿ ಬೇಕು.

ಅವರು ಮೊದಲು ಬರೆದು ತಂದಿದ್ದ ಪತ್ರ ಎಲ್ಲರ ಪತ್ರದ ಹಾಗೇ ಇತ್ತು. "ಸರ್, ಇದನ್ನ ಕೊಟ್ಟರೆ ಏನೂ ಆಗಲ್ಲ. ಕೂತ್ಕೊಂಡು ಲೆಕ್ಕ ಹಾಕೋಣ" ಎಂದೆ. ಕೌಂಟರಿನ ಆಚೆ ಸ್ಟೂಲ್ ಎಳೆದುಕೊಂಡು ಕೂತರು. ಅರ್ಧ ಗಂಟೆಯಲ್ಲಿ ಪತ್ರ ಹೀಗಾಯಿತು:

"ಮಾನ್ಯ ಪ್ರಾಂಶುಪಾಲರಿಗೆ,

ವಿಷಯ: ಎರಡನೇ ಮತ್ತು ಮೂರನೇ ಅವಧಿಯ ಶುಲ್ಕ 1,08,000 ರೂಪಾಯಿಯನ್ನು ಆರು ಕಂತಿನಲ್ಲಿ ಕಟ್ಟಲು ಅನುಮತಿ ಕೋರಿ.

ನನ್ನ ಮಗಳು ನಿಮ್ಮ ಶಾಲೆಯಲ್ಲಿ 7ನೇ ತರಗತಿ, ಮಗ 3ನೇ ತರಗತಿ ಓದುತ್ತಿದ್ದಾರೆ. ಐದು ವರ್ಷದಿಂದ ಶುಲ್ಕವನ್ನು ಸಮಯಕ್ಕೆ ಕಟ್ಟಿದ್ದೇನೆ. ಆಗಸ್ಟ್ 14ರಂದು ಸಿಬ್ಬಂದಿ ಕಡಿತದಲ್ಲಿ ನನ್ನ ಕೆಲಸ ಹೋಗಿದೆ. ಕಂಪನಿಯ ಇಮೇಲ್ ಪ್ರತಿ ಲಗತ್ತಿಸಿದ್ದೇನೆ.

ಶುಲ್ಕ ಕಡಿಮೆ ಮಾಡಿ ಎಂದು ಕೇಳುತ್ತಿಲ್ಲ. ಪೂರ್ತಿ ಮೊತ್ತವನ್ನು ಈ ತಾರೀಖುಗಳಲ್ಲಿ ಕಟ್ಟುತ್ತೇನೆ: ಸೆಪ್ಟೆಂಬರ್ 10ಕ್ಕೆ 10,000. ಕಂಪನಿಯಿಂದ ಅಂತಿಮ ಬಾಕಿ ಬಂದ ಮೇಲೆ ಅಕ್ಟೋಬರ್ 20ಕ್ಕೆ 30,000. ಆಮೇಲೆ ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ ತಿಂಗಳ 10ನೇ ತಾರೀಖು 17,000ದಂತೆ. ವಾರ್ಷಿಕ ಪರೀಕ್ಷೆಗೆ ಮೊದಲೇ ಎಲ್ಲ ಮುಗಿಯುತ್ತದೆ. ಅಕ್ಟೋಬರಿನಿಂದ ಶಾಲಾ ಬಸ್ ಬೇಡ.

ಈ ತಾರೀಖುಗಳನ್ನು ಪಾಲಿಸುವವರೆಗೆ ವಿಳಂಬ ದಂಡ ಹಾಕಬಾರದು, ಕಟ್ಟಿದ ಹಣವನ್ನು ಬೋಧನಾ ಶುಲ್ಕಕ್ಕೆ ಮೊದಲು ಜಮಾ ಮಾಡಬೇಕು, ಈ ವಿಷಯವನ್ನು ಮಕ್ಕಳ ಬಳಿ ಎತ್ತದೆ ನನಗೇ ಫೋನ್ ಮಾಡಬೇಕು ಎಂದು ಕೋರುತ್ತೇನೆ. ಈ ವ್ಯವಸ್ಥೆಯನ್ನು ನಾನು ಬೇರೆ ಪೋಷಕರ ಬಳಿ ಹೇಳುವುದಿಲ್ಲ. ಅನುಮತಿಯನ್ನು ಬರಹದಲ್ಲಿ ಕೊಟ್ಟರೆ ಉಪಕಾರವಾಗುತ್ತದೆ."

ಇಷ್ಟೇ. ಇದರಲ್ಲಿ ಕೆಲವು ಸಾಲುಗಳು ಯಾಕೆ ಬಂದವು ಅಂತ ಹೇಳಬೇಕು.

ಮೊದಲ ಕಂತು 10,000 ಅಷ್ಟೇ, ಆದರೆ ಅದರ ತಾರೀಖು ಶಾಲೆಯದೇ ಕಡೇ ದಿನ. ಬರಿಗೈಯಲ್ಲಿ ಸಮಯ ಕೇಳುವವರಿಗೂ, ಒಂದಿಷ್ಟು ಕಟ್ಟಿ ಸಮಯ ಕೇಳುವವರಿಗೂ ಆಫೀಸಿನಲ್ಲಿ ಬೇರೆ ಬೇರೆ ಮರ್ಯಾದೆ. ಸರಿಯೋ ತಪ್ಪೋ, ಇರೋದು ಹಾಗೆ. ಎರಡನೇ ಕಂತು ದೊಡ್ಡದು, ಯಾಕೆಂದರೆ ಆಗ ನಿಜಕ್ಕೂ ದುಡ್ಡು ಬರುತ್ತದೆ. ತಿಂಗಳಿಗೆ 18,000ದಂತೆ ಆರು ಸಮ ಕಂತು ಅಂತ ಬರೆಯಬಹುದಿತ್ತು, ನೋಡೋಕೂ ಚೆಂದ ಕಾಣುತ್ತಿತ್ತು. ಆದರೆ ಸೆಪ್ಟೆಂಬರಿನಲ್ಲಿ ಅವರ ಹತ್ತಿರ 18,000 ಇರಲಿಲ್ಲ. ಮೊದಲ ಕಂತೇ ತಪ್ಪಿದರೆ ಉಳಿದ ಐದನ್ನು ಯಾರೂ ನಂಬುವುದಿಲ್ಲ.

ಸೆಟಲ್‌ಮೆಂಟ್ ಯಾವಾಗ ಬರುತ್ತದೆ ಅಂತ ಪತ್ರದಲ್ಲಿದೆ, ಎಷ್ಟು ಬರುತ್ತದೆ ಅಂತ ಇಲ್ಲ. ಅದು ಬೇಕೆಂತಲೇ ಬಿಟ್ಟದ್ದು. 1,45,000 ಬರುತ್ತದೆ ಅಂತ ಗೊತ್ತಾದರೆ "ಹಾಗಾದ್ರೆ ಆಗಲೇ ಪೂರ್ತಿ ಕಟ್ಟಿಬಿಡಿ ಸರ್" ಅನ್ನುವುದು ಆಫೀಸಿನ ಸಹಜ ಮಾತು. ಅವರೂ ಮರ್ಯಾದೆಗೆ ಅಂಜಿ ಒಪ್ಪಿಬಿಡುತ್ತಿದ್ದರು. ಆಮೇಲೆ ನವೆಂಬರಿನ ಬಾಡಿಗೆಗೆ ಕೈಸಾಲ. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವ ಶಾಲೆಗಳೂ ಇವೆ. ಕೊಡಬೇಕು ಅನ್ನುವ ನಿಯಮ ಏನಿಲ್ಲ. ಕೆಲಸ ಹೋಗಿದ್ದಕ್ಕೆ ಒಂದು ದಾಖಲೆ ಸಾಕು.

ಆ ದಾಖಲೆಯಲ್ಲೂ ಒಂದು ತೊಡಕಿದೆ. ಈಗ ಎಷ್ಟೋ ಕಂಪನಿಗಳು ಕೆಲಸದಿಂದ ತೆಗೆದೆವು ಅಂತ ಬರೆದು ಕೊಡುವುದಿಲ್ಲ, ರಾಜೀನಾಮೆ ಬರೆಸಿಕೊಳ್ಳುತ್ತವೆ. ರಿಲೀವಿಂಗ್ ಲೆಟರಿನಲ್ಲಿ "ರಾಜೀನಾಮೆ ಅಂಗೀಕರಿಸಲಾಗಿದೆ" ಅಂತಿರುತ್ತದೆ. ಅದನ್ನು ಲಗತ್ತಿಸಿದರೆ ಓದುವವರಿಗೆ ಇವರೇ ಬಿಟ್ಟಿದ್ದಾರೆ ಅನಿಸುತ್ತದೆ. ಸಿಬ್ಬಂದಿ ಕಡಿತದ ಬಗ್ಗೆ ಎಚ್‌ಆರ್ ಕಳಿಸಿದ ಇಮೇಲ್ ಇದ್ದರೆ ಅದರ ಪ್ರತಿಯೇ ಒಳ್ಳೆಯದು. ಆಫೀಸಿನ ಇಮೇಲ್ ಖಾತೆ ಮುಚ್ಚುವ ಮೊದಲೇ ಅದನ್ನು ಉಳಿಸಿಕೊಂಡಿರಬೇಕು, ಅಷ್ಟೇ.

ಫೈನಿನ ಸಾಲನ್ನು ಬಹಳ ಜನ ಮರೆಯುತ್ತಾರೆ. ಲೆಕ್ಕ ಹಾಕಿ ನೋಡಿ. ಮೇಲಿನ ಕಂತುಗಳ ಪ್ರಕಾರ ಎರಡನೇ ಅವಧಿಯ 54,000 ಪೂರ್ತಿ ಆಗುವುದು ನವೆಂಬರ್ 10ಕ್ಕೆ, ಅಂದರೆ 61 ದಿನ ತಡ. ಮೂರನೆಯದು ಮುಗಿಯುವುದು ಫೆಬ್ರವರಿ 10ಕ್ಕೆ, 62 ದಿನ ತಡ. ಇಬ್ಬರು ಮಕ್ಕಳಿಗೆ ದಿನಕ್ಕೆ 100 ರೂಪಾಯಿಯಂತೆ ಒಟ್ಟು 12,300. ಕಂತಿಗೆ ಪ್ರಿನ್ಸಿಪಾಲರು ಒಪ್ಪಿದರೂ ಸಾಫ್ಟ್‌ವೇರಿಗೆ ಅದು ಗೊತ್ತಿರುವುದಿಲ್ಲ, ಅದರ ಪಾಡಿಗೆ ಅದು ಫೈನ್ ಏರಿಸುತ್ತಾ ಹೋಗುತ್ತದೆ. ಕೆಲವು ಸಾಫ್ಟ್‌ವೇರ್ ಇನ್ನೂ ಒಂದು ಕಿತಾಪತಿ ಮಾಡುತ್ತವೆ. ನೀವು ಕಟ್ಟಿದ ದುಡ್ಡಿನಲ್ಲಿ ಮೊದಲು ಫೈನ್ ಮುರಿದುಕೊಂಡು, ಉಳಿದದ್ದನ್ನು ಫೀಸಿಗೆ ಹಾಕುತ್ತವೆ. ಹದಿನೇಳು ಸಾವಿರ ಕಟ್ಟಿದವರಿಗೆ ರಸೀದಿಯಲ್ಲಿ ಫೀಸು ಅದಕ್ಕಿಂತ ಕಡಿಮೆ ಅಂತ ಬಂದರೆ ಜಗಳ ಆಗದೇ ಇರುತ್ತಾ? ಅದಕ್ಕೇ ಆ ಎರಡು ಸಾಲು.

ಶಾಲೆಯ ಆ್ಯಪಿನಲ್ಲಿ ಅರ್ಧ ಮೊತ್ತ ಕಟ್ಟೋಕೆ ಬಹಳ ಸಲ ಆಗುವುದಿಲ್ಲ. ಪೂರ್ತಿ 54,000 ಹಾಕಿದರೆ ಮಾತ್ರ ಮುಂದೆ ಹೋಗುತ್ತದೆ. ಆಗ ಶಾಲೆಯ ಖಾತೆಗೆ ಎನ್‌ಇಎಫ್‌ಟಿ ಮಾಡಿ, ಆ ವರ್ಗಾವಣೆಗೆ ಬ್ಯಾಂಕ್ ಕೊಡುವ ಯುಟಿಆರ್ ಸಂಖ್ಯೆಯನ್ನು ಕೌಂಟರಿಗೆ ಕೊಟ್ಟು, ಮಗುವಿನ ಹೆಸರಿನಲ್ಲಿ ರಸೀದಿ ತಗೋಬೇಕು. ರಸೀದಿ ತಗೊಳ್ಳದಿದ್ದರೆ ಆ ದುಡ್ಡು "ಗುರುತಿಸದ ಜಮೆ" ಅನ್ನೋ ತಲೆಬರಹದ ಅಡಿ ತಿಂಗಳುಗಟ್ಟಲೆ ಕೂತಿರುತ್ತದೆ. ನಾನೇ ಅಂಥವನ್ನು ಮಾರ್ಚಿನಲ್ಲಿ ಹುಡುಕಿದ್ದೇನೆ.

ಪತ್ರ ಕೊಟ್ಟ ನಾಲ್ಕನೇ ದಿನ ಅವರನ್ನು ಕರೆದರು. ಮ್ಯಾನೇಜರ್ ಬಹಳ ಸೌಜನ್ಯದಿಂದಲೇ ಹೇಳಿದರು: "ಕಂತು ತಾನೇ ಸರ್? ನಮ್ಮಲ್ಲಿ ಇಎಂಐ ಇದೆ. ಈ ಲಿಂಕ್ ಒತ್ತಿ, ಐದು ನಿಮಿಷದ ಕೆಲಸ."

ಇಲ್ಲಿ ತುಸು ನಿಲ್ಲಬೇಕು. ಕಂತು ಬೇರೆ, ಇಎಂಐ ಬೇರೆ. ಶಾಲೆ ಕೊಡುವ ಕಂತಿನಲ್ಲಿ ನೀವು ಶಾಲೆಗೆ ಬಾಕಿ. ಇಎಂಐ ಅಂದರೆ ಸಾಲ. ಒಂದು ಫೈನಾನ್ಸ್ ಕಂಪನಿ 1,08,000ವನ್ನು ಒಂದೇ ಸಲ ಶಾಲೆಗೆ ಕೊಟ್ಟುಬಿಡುತ್ತದೆ, ನೀವು ಆ ಕಂಪನಿಗೆ ತಿಂಗಳು ತಿಂಗಳು ತೀರಿಸಬೇಕು. ಬಡ್ಡಿ ಇಲ್ಲ ಅಂತ ಹೇಳಬಹುದು, ಆ ಬಡ್ಡಿಯ ಭಾಗವನ್ನು ಶಾಲೆಯೇ ಹೊತ್ತಿರಬಹುದು. ಕೈಯಲ್ಲಿ ಸಂಬಳ ಇರುವವರಿಗೆ ಇದು ಕೆಟ್ಟ ವ್ಯವಸ್ಥೆ ಏನಲ್ಲ. ಸಂಬಳ ನಿಂತವರಿಗೆ ಮಾತ್ರ ಲೆಕ್ಕ ಬೇರೆ. ಖಾತೆಯಿಂದ ತಾನಾಗಿ ಹಣ ಕಡಿತವಾಗಲು ಮ್ಯಾಂಡೇಟ್ ಕೊಟ್ಟಿರುತ್ತೀರಿ. ಆ ದಿನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬ್ಯಾಂಕಿನವರು ಒಂದು ಚಾರ್ಜ್ ಹಾಕುತ್ತಾರೆ, ಸಾಲ ಕೊಟ್ಟವರು ಇನ್ನೊಂದು. ಸಿಬಿಲ್ ಸ್ಕೋರ್ ಇಳಿಯುತ್ತದೆ. ಮಗು ಮಧ್ಯದಲ್ಲಿ ಶಾಲೆ ಬಿಟ್ಟರೂ ಸಾಲ ನಿಲ್ಲುವುದಿಲ್ಲ. ಶಾಲೆಯವರಿಗೆ ಹೇಳಿಕೊಂಡರೆ "ಅದು ಅವರಿಗೂ ನಿಮಗೂ ಬಿಟ್ಟಿದ್ದು" ಅನ್ನುತ್ತಾರೆ. ಅಂದರೆ ನೀವು ಕೇಳಿದ್ದು ಶಾಲೆಯ ತಾಳ್ಮೆ, ನಿಮಗೆ ಸಿಕ್ಕಿದ್ದು ಇನ್ನೊಬ್ಬರ ಸಾಲ.

ಅವರು ಬೇಡ ಎಂದರು. ಹಾಗಾದರೆ ಮುಂದಿನ ತಾರೀಖಿನ ಆರು ಚೆಕ್ ಕೊಡಿ ಎಂಬ ಮಾತು ಬಂತು. ಇದೂ ಮಾಮೂಲಿ. ಆದರೆ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಬರುತ್ತದೆ. ಬ್ಯಾಂಕಿನಿಂದ ಚೆಕ್ ವಾಪಸಾದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸ್, ನೋಟಿಸ್ ಸಿಕ್ಕ 15 ದಿನದಲ್ಲಿ ದುಡ್ಡು ಕೊಡದಿದ್ದರೆ ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಮ್ಯಾಂಡೇಟಿನ ಮೂಲಕ ಆಗುವ ಕಡಿತ ಬೌನ್ಸ್ ಆದರೂ ಇಂಥದೇ ಶಿಕ್ಷೆಗೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಮಿನಲ್ಲಿ ಜಾಗ ಇದೆ. ಫೀಸು ಬಾಕಿ ಅನ್ನೋದು ಸುಮ್ನೆ ಸಿವಿಲ್ ಬಾಕಿ. ಅದನ್ನು ನಿಮ್ಮ ಕೈಯಾರೆ ಕ್ರಿಮಿನಲ್ ಕೇಸಿನ ಅಂಚಿಗೆ ತಂದಿಡುವುದು ಚೆಕ್. ಕೆಲಸ ಸಿಗುತ್ತದೆ ಅನ್ನೋ ನಂಬಿಕೆಯ ಮೇಲೆ ಬರೆದ ಚೆಕ್ಕಂತೂ ಕೊಡಲೇಬಾರದು ಅನ್ನೋದು ನನ್ನ ಅಭಿಪ್ರಾಯ. ಬೇಕೇ ಬೇಕು ಅಂದರೆ, ದುಡ್ಡು ಖಾತೆಯಲ್ಲಿ ಇರುವ ಮೊದಲ ಕಂತಿಗೆ ಒಂದು ಕೊಡಬಹುದು. ಅವರು ಸೆಪ್ಟೆಂಬರಿನ 10,000ಕ್ಕೆ ಮಾತ್ರ ಚೆಕ್ ಬರೆದು, ಉಳಿದದ್ದಕ್ಕೆ ಪತ್ರದಲ್ಲಿ ಸಹಿ ಮಾಡಿರುವುದೇ ಸಾಕು ಎಂದರು. ಮ್ಯಾನೇಜರ್ ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು.

ಒಪ್ಪದಿದ್ದರೆ? ಕಾನೂನು ಶಾಲೆಯನ್ನು ಒಪ್ಪಿಸುತ್ತಿತ್ತಾ ಅಂತ ಬಹಳ ಜನ ಕೇಳುತ್ತಾರೆ. ಕೋವಿಡ್ ಕಾಲದ ನೆನಪು ಇನ್ನೂ ಇದೆ. 2021ರ ಮೇ ತಿಂಗಳಲ್ಲಿ ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇ 15ರಷ್ಟು ಕಡಿತ ಮಾಡಿ, ಆರು ಕಂತಿನಲ್ಲಿ ಕಟ್ಟಲು ಅವಕಾಶ ಕೊಟ್ಟಿತ್ತು. ಅದೂ ಆಗದವರು ಮನವಿ ಕೊಟ್ಟರೆ ಒಂದೊಂದನ್ನೂ ಸಹಾನುಭೂತಿಯಿಂದ ನೋಡಬೇಕು ಎಂದಿತ್ತು. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದೇ ದಾರಿ ಹಿಡಿಯಿತು. ಆದರೆ ಅದೆಲ್ಲ 2020-21ನೇ ಸಾಲಿನ ಮಾತು. 2023ರ ಜನವರಿಯಲ್ಲಿ ನಮ್ಮ ಹೈಕೋರ್ಟ್, ಅನುದಾನ ಇಲ್ಲದ ಖಾಸಗಿ ಶಾಲೆಗಳ ಫೀಸನ್ನು ಸರ್ಕಾರ ನಿಯಂತ್ರಿಸಲು ಆಧಾರವಾಗಿದ್ದ ಶಿಕ್ಷಣ ಕಾಯ್ದೆಯ ಕಲಮುಗಳನ್ನೇ ಆ ಶಾಲೆಗಳ ಮಟ್ಟಿಗೆ ರದ್ದು ಮಾಡಿತು. ಹಾಗಾಗಿ ಇಂದು ಕೆಲಸ ಹೋದವರ ಪತ್ರ ಒಂದು ಮನವಿ ಅಷ್ಟೇ. ಹಕ್ಕು ಅಂತ ಕೇಳಲು ಬರುವುದಿಲ್ಲ.

ಕಾನೂನು ಕಾಯುವುದು ಮಗುವನ್ನು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಟಿಸಿಯನ್ನು ತಡಮಾಡದೆ ಕೊಡಬೇಕು. ಟಿಸಿ ಬರುವುದು ತಡವಾಯಿತು ಅಂತ ಆ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತೆಯೂ ಇಲ್ಲ. ಒಂಬತ್ತು, ಹತ್ತನೇ ತರಗತಿಗೆ ಈ ರಕ್ಷಣೆ ತಲುಪುವುದಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗಂತೂ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಈ ಕಾಯ್ದೆಯೇ ಅನ್ವಯ ಆಗುವುದಿಲ್ಲ, ಬೆಂಗಳೂರಿನಲ್ಲಿ ಅಂಥ ಶಾಲೆಗಳು ಬಹಳ ಇವೆ. ಮಗುವನ್ನು ತರಗತಿಯಿಂದ ಹೊರಗೆ ನಿಲ್ಲಿಸಿದರೆ, ಎಲ್ಲರೆದುರು ಹೆಸರು ಕೂಗಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅಥವಾ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು. ಆದರೆ ಮೊದಲ ಪತ್ರದಲ್ಲೇ ಕಲಂ ಸಂಖ್ಯೆ ಬರೆದವರ ಫೈಲು ನೇರ ವಕೀಲರ ಟೇಬಲ್ಲಿಗೆ ಹೋಗುತ್ತಿತ್ತು. ಅಲ್ಲಿಂದ ಬೇಗ ವಾಪಸ್ ಬರುತ್ತಿರಲಿಲ್ಲ.

ಅವರ ಕಥೆಗೆ ವಾಪಸ್ ಬರೋಣ. ಪತ್ರದ ಎರಡನೇ ಪ್ರತಿಯ ಮೇಲೆ ನನ್ನ ಹತ್ತಿರ ಸೀಲು, ತಾರೀಖು ಹಾಕಿಸಿಕೊಂಡಿದ್ದರು. ಒಪ್ಪಿಗೆ ಬಾಯಿಮಾತಿನಲ್ಲೇ ಸಿಕ್ಕಿತು, ಬರಹದಲ್ಲಿ ಬರಲಿಲ್ಲ. ಆಗ ಅವರು ಅದೇ ಸಂಜೆ ಶಾಲೆಗೆ ಒಂದು ಇಮೇಲ್ ಕಳಿಸಿದರು: ಇಂದು ಭೇಟಿಯಲ್ಲಿ ನೀವು ಈ ಆರು ತಾರೀಖಿಗೆ ಒಪ್ಪಿದ್ದೀರಿ, ಫೈನ್ ಹಾಕುವುದಿಲ್ಲ ಎಂದಿದ್ದೀರಿ, ಧನ್ಯವಾದ. ಯಾರೂ ಉತ್ತರಿಸಲಿಲ್ಲ, ಯಾರೂ ಅಲ್ಲಗಳೆಯಲೂ ಇಲ್ಲ. ನವೆಂಬರಿನಲ್ಲಿ ಆ ಮ್ಯಾನೇಜರ್ ಕೆಲಸ ಬಿಟ್ಟು, ಹೊಸಬರು ಬಂದು "ಇದಕ್ಕೆ ಯಾರು ಒಪ್ಪಿದ್ದು?" ಎಂದಾಗ ನಾನು ತೆಗೆದು ತೋರಿಸಿದ್ದು ಆ ಇಮೇಲನ್ನೇ.

ಲೆಕ್ಕ ಹಾಕಿದಂತೆ ಎಲ್ಲವೂ ನಡೆಯಲಿಲ್ಲ. ಅಕ್ಟೋಬರ್ ಮಧ್ಯ ಬಂದರೂ ಸೆಟಲ್‌ಮೆಂಟಿನ ಸುದ್ದಿ ಇಲ್ಲ. ಅಕ್ಟೋಬರ್ 17ಕ್ಕೆ, ಅಂದರೆ ಕಂತಿಗೆ ಮೂರು ದಿನ ಮೊದಲು, ಎರಡು ಸಾಲು ಬರೆದರು: 20ಕ್ಕೆ 15,000 ಕಟ್ಟುತ್ತೇನೆ, ಉಳಿದ 15,000 ನವೆಂಬರ್ 20ಕ್ಕೆ, ಫೆಬ್ರವರಿ 10ರ ಕೊನೇ ತಾರೀಖು ಬದಲಾಗುವುದಿಲ್ಲ. ಆ ಮೊದಲ 15,000ಕ್ಕೆ ಪಿಎಫ್‌ನಿಂದ ತೆಗೆದ ದುಡ್ಡು ಬಳಸಿದ್ದರು. ಆಫೀಸಿನಲ್ಲಿ ಯಾರೂ ಗೊಣಗಲಿಲ್ಲ. ತಾರೀಖು ದಾಟಿದ ಮೇಲೆ ಬರುವ ಕಾರಣವನ್ನು ನಾವು ನೆಪ ಅಂತ ಓದುತ್ತಿದ್ದೆವು, ಮೊದಲೇ ಬಂದರೆ ಮಾಹಿತಿ ಅಂತ ಓದುತ್ತಿದ್ದೆವು.

ಜನವರಿಯಲ್ಲಿ ಮೊದಲಿಗಿಂತ ಕಡಿಮೆ ಸಂಬಳಕ್ಕೆ ಒಂದು ಕೆಲಸ ಸಿಕ್ಕಿತು. ಫೆಬ್ರವರಿ 10ಕ್ಕೆ ಕೊನೆಯ ಕಂತು ಬಂತು. ಇಬ್ಬರು ಮಕ್ಕಳಿಗೂ ನೋ ಡ್ಯೂ ಚೀಟಿ ಬರೆದುಕೊಟ್ಟೆ.

ಅಷ್ಟರಲ್ಲಿ ಮುಂದಿನ ವರ್ಷದ ಫೀಸಿನ ಸುತ್ತೋಲೆ ಹೊರಟಿತ್ತು. ಮೊದಲ ಕಂತು ಮತ್ತೆ ಶೇ 40, ಏಪ್ರಿಲ್ ಕೊನೆಗೆ. ಹಳೆಯ ಒಪ್ಪಂದ ಆ ವರ್ಷಕ್ಕೇ ಮುಗಿಯಿತು, ಹೊಸ ವರ್ಷಕ್ಕೆ ಹೊಸದಾಗಿ ಕೇಳಬೇಕು. ಮಾರ್ಚಿನಲ್ಲಿ ಅವರು ಮತ್ತೆ ಕೌಂಟರಿಗೆ ಬಂದರು, ಕೈಯಲ್ಲಿ ಎರಡು ಹಾಳೆ. ಒಂದು, ಮಗಳ ಎಂಟನೇ ತರಗತಿಯ ಮೊದಲ ಕಂತನ್ನು ಮೂರು ಭಾಗ ಮಾಡಿಕೊಡಿ ಅನ್ನುವ ಪತ್ರ, ತಾರೀಖುಗಳ ಸಮೇತ. ಇನ್ನೊಂದು, ಮಗನ ಟಿಸಿ ಅರ್ಜಿ. ಮನೆ ಹಿಂದಿನ ರಸ್ತೆಯ ಶಾಲೆಯಲ್ಲಿ ಫೀಸು ಅರ್ಧಕ್ಕಿಂತ ಕಡಿಮೆಯಂತೆ, ನಡೆದೇ ಹೋಗಬಹುದಂತೆ. "ಅವಳಿಗೆ ಇಲ್ಲೇ ಫ್ರೆಂಡ್ಸ್, ಇವನಿಗೆ ಇನ್ನೂ ಚಿಕ್ಕ ವಯಸ್ಸು" ಅಂದರು. ಎರಡೂ ಹಾಳೆಯ ಜೆರಾಕ್ಸ್ ಮೊದಲೇ ತಂದಿದ್ದರು. ಸೀಲು ಹಾಕಿ ಕೊಟ್ಟೆ.